ವಯಸ್ಸಿನ ಲೆಕ್ಕದಲ್ಲಿ x ಯಾವ ವರ್ಷದ್ದು?

ವಿಜಯನಗರದ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ವಯಸ್ಸಿನ ಲೆಕ್ಕ ಬಂದರೆ ಸಾಕು, "ಸರ್, ಶಾರ್ಟ್‌ಕಟ್ ಹೇಳಿ" ಅಂತಾರೆ. ನಾನು ಹೇಳಿಕೊಡುವುದು ಒಂದೇ ಸಮೀಕರಣ. ಅದನ್ನು ಬರೆಯುವ ಮೊದಲು ಮಾತ್ರ x ಯಾವ ವರ್ಷದ ವಯಸ್ಸು ಅಂತ ಪಕ್ಕದಲ್ಲಿ ಬರೆದುಕೊಳ್ಳಿ ಅಂತೀನಿ.

ಈ ಲೆಕ್ಕ ನೋಡಿ. 4 ವರ್ಷದ ಹಿಂದೆ ತಾಯಿ ಮತ್ತು ಮಗಳ ವಯಸ್ಸಿನ ಅನುಪಾತ 3:1 ಇತ್ತು. ಇವತ್ತಿಂದ 6 ವರ್ಷಕ್ಕೆ ಅದು 2:1 ಆಗುತ್ತದೆ. ಮಗಳಿಗೆ ಈಗ ಎಷ್ಟು ವಯಸ್ಸು? ಆಯ್ಕೆಗಳು 10, 14, 20, 24.

3:1 ಅಂದರೆ ತಾಯಿಗೆ 3 ವರ್ಷ, ಮಗಳಿಗೆ 1 ವರ್ಷ ಅಂತಲ್ಲ. ಆಗ ಅವರ ವಯಸ್ಸು 3x ಮತ್ತು x. ಈ x 4 ವರ್ಷದ ಹಿಂದಿನದು. ಅಲ್ಲಿಂದ ಇವತ್ತಿಗೆ 4 ವರ್ಷ, ಇವತ್ತಿಂದ ಮುಂದಕ್ಕೆ 6, ಒಟ್ಟು 10. ಇಬ್ಬರಿಗೂ ಅಷ್ಟೇ ಕೂಡಬೇಕು.

(3x + 10) / (x + 10) = 2 / 1

ಅಡ್ಡ ಗುಣಿಸಿದರೆ 3x + 10 = 2x + 20, ಅಂದರೆ x = 10. ಇಲ್ಲಿಗೇ ನಿಲ್ಲಿಸಿ 10 ಟಿಕ್ ಮಾಡುವವರು ಜಾಸ್ತಿ. ಅದು ಅಂದಿನ ವಯಸ್ಸು ಅಲ್ವಾ? ಈಗ ಮಗಳಿಗೆ 14, ತಾಯಿಗೆ 34. ಇನ್ನು 6 ವರ್ಷಕ್ಕೆ 20 ಮತ್ತು 40. ಅನುಪಾತ 2:1, ಸರಿಯಾಯಿತು.

ಇನ್ನು ಕೆಲವರು 10ರ ಬದಲು ಪ್ರಶ್ನೆಯಲ್ಲಿ ಕಂಡ 6 ಅನ್ನೇ ಕೂಡುತ್ತಾರೆ. ಆಗ x = 6, ಅದಕ್ಕೆ 4 ಸೇರಿಸಿದರೆ ಮಗಳ ಈಗಿನ ವಯಸ್ಸು ಮತ್ತೆ 10! ಎರಡು ಬೇರೆ ಬೇರೆ ತಪ್ಪಿಗೂ ಒಂದೇ ಆಯ್ಕೆ ಕಾದು ಕೂತಿರುತ್ತದೆ. ಉತ್ತರ ಆಯ್ಕೆಯಲ್ಲಿ ಸಿಕ್ಕಿತು ಅಂತ ಸುಮ್ನೆ ಮುಂದಿನ ಪ್ರಶ್ನೆಗೆ ಹೋಗುವವರನ್ನು ಹಿಡಿಯುವುದೇ ಹೀಗೆ.

ಈ ಎರಡನೇ ತಪ್ಪನ್ನು ಹಿಡಿಯಲು ವಯಸ್ಸಿನ ಅಂತರ ನೋಡಿ. ಎಷ್ಟು ವರ್ಷ ಕಳೆದರೂ ಅದು ಬದಲಾಗಲ್ಲ. ಸರಿಯಾದ ಲೆಕ್ಕದಲ್ಲಿ ಅಂತರ 20. 6 ಕೂಡಿದ ಲೆಕ್ಕದಲ್ಲಿ ಅಂದಿನ ವಯಸ್ಸು 18 ಮತ್ತು 6, ಅಂತರ 12. ಹನ್ನೆರಡಕ್ಕೇ ತಾಯಿಯಾದಳೇ ಅಂತ ಅಲ್ಲೇ ಅನುಮಾನ ಬರಬೇಕು. ಅಣ್ಣ-ತಂಗಿ ಲೆಕ್ಕವಾದರೆ ಈ ಅನುಮಾನ ಬರಲ್ಲ, ಅಲ್ಲಿ ವಯಸ್ಸನ್ನು ಎರಡನೇ ಅನುಪಾತಕ್ಕೆ ಹಾಕಿಯೇ ನೋಡಬೇಕು. ನಮ್ಮ ಲೆಕ್ಕದಲ್ಲಿ 18 ಮತ್ತು 6ಕ್ಕೆ 10 ಕೂಡಿದರೆ 28 ಮತ್ತು 16 ಬರುತ್ತದೆ, ಅದು 7:4, 2:1 ಅಲ್ಲ.

ಅಂತರದ ಭಾಗಗಳನ್ನು ಸರಿದೂಗಿಸುವ ಶಾರ್ಟ್‌ಕಟ್ಟೂ ಇದೆ. 2:1 ಅನ್ನು 4:2 ಮಾಡಿದರೆ ಎರಡೂ ಕಡೆ ಅಂತರ 2 ಭಾಗ. 10 ವರ್ಷದಲ್ಲಿ ತಾಯಿಯ 3 ಭಾಗ 4 ಆಯಿತು, ಒಂದು ಭಾಗ ಅಂದರೆ 10 ವರ್ಷ. ಬೇಗ ಆಗುತ್ತದೆ, ನಿಜ. ಆದರೆ ಎರಡನೇ ಅನುಪಾತದ ಬದಲು "ಇನ್ನು 6 ವರ್ಷಕ್ಕೆ ಇಬ್ಬರ ವಯಸ್ಸಿನ ಮೊತ್ತ 60" ಅಂತ ಕೊಟ್ಟರೆ ಈ ದಾರಿ ನಡೆಯಲ್ಲ. ಸಮೀಕರಣದಲ್ಲಿ ಭಾಗಿಸುವ ಬದಲು ಕೂಡಿದರೆ ಆಯಿತು: 3x + 10 + x + 10 = 60. ಆಗಲೂ x = 10.