59 ಬರಬೇಕಾದಲ್ಲಿ 38 ಬಂತು

ಶಿರಸಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಒಂದು ಮಳೆಗಾಲದಲ್ಲಿ ವಿದ್ಯಾರ್ಥಿನಿಯೊಬ್ಬಳ ರೆಕಾರ್ಡ್ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ‘ತಪ್ಪು’ ಎಂದು ಬರೆದೆ. ಆ ತಪ್ಪು ನನ್ನದಾಗಿತ್ತು.

ಪ್ರಯೋಗ ಸರಳವಾದದ್ದು. ಎರಡು ಬೀಕರಿನಲ್ಲಿ ಮೈಲುತುತ್ತದ ದ್ರಾವಣ, ಎರಡರಲ್ಲೂ ತಾಮ್ರದ ಪಟ್ಟಿ. ಒಂದರ ಸಾಂದ್ರತೆ 0.1 ಮೋಲಾರ್, ಇನ್ನೊಂದರದು 0.001. ನಡುವೆ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ನೆನೆಸಿದ ಫಿಲ್ಟರ್ ಪೇಪರಿನ ಸೇತುವೆ. ಅಡಿಕೆ ತೋಟದವರ ಮಕ್ಕಳಿಗೆ ಮೈಲುತುತ್ತ ಹೊಸದಲ್ಲ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಅದೇ ಅಲ್ವಾ?

ಲೋಹ ಎರಡೂ ಕಡೆ ಒಂದೇ. ಆದರೂ ವೋಲ್ಟೇಜ್ ಬರುತ್ತದೆ. ತೆಳು ದ್ರಾವಣದಲ್ಲಿ ತಾಮ್ರ ಕರಗಿ ಅಯಾನ್ ಆಗುತ್ತದೆ, ಗಟ್ಟಿ ದ್ರಾವಣದಲ್ಲಿ ಅಯಾನ್ ತಾಮ್ರವಾಗಿ ಪಟ್ಟಿಗೆ ಅಂಟುತ್ತದೆ. ಎರಡು ಕಡೆಯ ಸಾಂದ್ರತೆ ಸಮ ಆಗುವ ತನಕ ಈ ಓಟ ಇರುತ್ತದೆ. ಹಾಗಾಗಿ ಗಟ್ಟಿ ಕಡೆಯ ಪಟ್ಟಿಯೇ ಪ್ಲಸ್. ಸೂತ್ರ ಹೀಗಿದೆ:

```
E = (0.0592 / 2) × log(C1 / C2)
```

C1 ಗಟ್ಟಿ ದ್ರಾವಣ, C2 ತೆಳು ದ್ರಾವಣ. ಇದು 25 ಡಿಗ್ರಿಗೆ. ಹತ್ತು ಪಟ್ಟು ಅಂತರಕ್ಕೆ 29.6 ಮಿಲಿವೋಲ್ಟ್, ನೂರು ಪಟ್ಟಿಗೆ 59. ಅವಳು ಬರೆದದ್ದು 38. ಉಳಿದವರೆಲ್ಲ 57, 58, 59 ಎಂದು ಬರೆದಿದ್ದರು.

“ಸರ್, ಮೂರು ಸಲ ನೋಡಿದೆ. ಅಷ್ಟೇ ಬರ್ತದೆ” ಎಂದಳು. ದ್ರಾವಣ ಸರಿಯಾಗಿ ಮಾಡಿಲ್ಲ ಎಂದು ಹೇಳಿ ಕಳಿಸಿದೆ.

ಸಂಜೆ ಆ ಮಾತೇ ಕಾಡತೊಡಗಿತು. ದ್ರಾವಣದ ತಪ್ಪಿನಿಂದ 20 ಮಿಲಿವೋಲ್ಟ್ ಕಡಿಮೆ ಆಗಬೇಕಾದರೆ ತೆಳು ದ್ರಾವಣ ಸುಮಾರು ಐದು ಪಟ್ಟು ಗಟ್ಟಿಯಾಗಿರಬೇಕು. ಪಿಪೆಟ್ ಹಿಡಿಯುವುದರಲ್ಲಿ ನೂರಕ್ಕೆ ಹತ್ತು ತಪ್ಪಿದರೂ ವ್ಯತ್ಯಾಸ ಒಂದು ಮಿಲಿವೋಲ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಂದರೆ ನಾನು ಕೊಟ್ಟ ಕಾರಣ ಲೆಕ್ಕಕ್ಕೇ ನಿಲ್ಲುವುದಿಲ್ಲ.

ಮರುದಿನ ನಾನೇ ಮಾಡಿದೆ. ಮೊದಲು ಪಟ್ಟಿಗಳ ಮೇಲೆ ಅನುಮಾನ ಬಂತು. ಮಳೆಗಾಲದ ತೇವಕ್ಕೆ ತಾಮ್ರ ಬೇಗ ಕಪ್ಪಾಗುತ್ತದೆ. ಒಂದು ಪಟ್ಟಿ ಕಪ್ಪಾಗಿ, ಇನ್ನೊಂದು ಹೊಳೆಯುತ್ತಿದ್ದರೆ ಅವು ನಿಜಕ್ಕೂ ಒಂದೇ ಥರದ ಎಲೆಕ್ಟ್ರೋಡ್ ಅಲ್ಲ. ಎರಡನ್ನೂ ಸ್ಯಾಂಡ್ ಪೇಪರಿನಿಂದ ಉಜ್ಜಿ, ತೊಳೆದು, ಒಂದೇ ಬೀಕರಿನಲ್ಲಿ ಇಟ್ಟೆ. ಆಗ ಮೀಟರ್ ಸೊನ್ನೆ ತೋರಿಸಬೇಕು. ಒಂದು ಮಿಲಿವೋಲ್ಟ್ ತೋರಿಸಿತು. ಆಮೇಲೆ ಕೋಶ ಜೋಡಿಸಿ ಓದಿದೆ, ಪಟ್ಟಿಗಳನ್ನು ಅದಲುಬದಲು ಮಾಡಿ ಮತ್ತೆ ಓದಿದೆ. ಒಮ್ಮೆ 38, ಒಮ್ಮೆ 40. ಸರಾಸರಿ ತೆಗೆದರೆ ಪಟ್ಟಿಯ ದೋಷ ಕಳೆದುಹೋಗುತ್ತದೆ. ಉಳಿದದ್ದು 39. ಹುಡುಗಿ ಓದಿದ್ದು ಸರಿಯೇ ಇತ್ತು.

ಕಾರಣ ಮೈಲುತುತ್ತದಲ್ಲೇ ಇತ್ತು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ತಾಮ್ರದ ಅಯಾನಿಗೆ ಎರಡು ಪ್ಲಸ್, ಸಲ್ಫೇಟಿಗೆ ಎರಡು ಮೈನಸ್. ದ್ರಾವಣ ಗಟ್ಟಿಯಾದಷ್ಟೂ ಇವು ಒಂದನ್ನೊಂದು ಬಲವಾಗಿ ಹಿಡಿದುಕೊಳ್ಳುತ್ತವೆ. ಕೆಲವು ಜೋಡಿಯಾಗಿಯೇ ತಿರುಗುತ್ತವೆ. ಪಟ್ಟಿಗೆ ಲೆಕ್ಕ ಸಿಗುವುದು ನಾವು ತೂಗಿ ಹಾಕಿದ ಸಾಂದ್ರತೆಯದ್ದಲ್ಲ, ಆಕ್ಟಿವಿಟಿಯದ್ದು, ಅಂದರೆ ನಿಜಕ್ಕೂ ಕೆಲಸಕ್ಕೆ ಬರುವ ಸಾಂದ್ರತೆಯದ್ದು. ಸಾಂದ್ರತೆಯನ್ನು ಒಂದು ಗುಣಾಂಕದಿಂದ ಗುಣಿಸಿದರೆ ಅದು ಸಿಗುತ್ತದೆ. ಕೋಷ್ಟಕದ ಪ್ರಕಾರ 0.1 ಮೋಲಾರ್ ದ್ರಾವಣಕ್ಕೆ ಗುಣಾಂಕ ಸುಮಾರು 0.15, ಅಂದರೆ ಅದು 0.015ರಂತೆ ವರ್ತಿಸುತ್ತದೆ. 0.001ಕ್ಕೆ ಗುಣಾಂಕ 0.74, ಅದು 0.00074ರಂತೆ. ಇವೆರಡರ ಅಂತರ ನೂರು ಪಟ್ಟಲ್ಲ, ಇಪ್ಪತ್ತು ಪಟ್ಟು. ಸೂತ್ರಕ್ಕೆ ಹಾಕಿದರೆ 39 ಮಿಲಿವೋಲ್ಟ್. ಆ ಹೊತ್ತಿಗೆ ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಇದನ್ನು ಇನ್ನೊಂದು ದಾರಿಯಲ್ಲೂ ಪರೀಕ್ಷಿಸಬಹುದು. 0.01ರ ದ್ರಾವಣವನ್ನೂ ಮಾಡಿಕೊಂಡರೆ ಹತ್ತು ಪಟ್ಟಿನ ಎರಡು ಜೋಡಿ ಸಿಗುತ್ತವೆ. ಸಾಂದ್ರತೆಯೇ ಲೆಕ್ಕವಾಗಿದ್ದರೆ ಎರಡರಲ್ಲೂ 29.6 ಬರಬೇಕು. ಆಕ್ಟಿವಿಟಿ ಹಿಡಿದು ಲೆಕ್ಕ ಹಾಕಿದರೆ 0.01 ಮತ್ತು 0.001ರ ನಡುವೆ ಸುಮಾರು 23, 0.1 ಮತ್ತು 0.01ರ ನಡುವೆ ಸುಮಾರು 16. ತೆಳುವಾದಷ್ಟೂ ಪುಸ್ತಕದ ಅಂಕಿಗೆ ಹತ್ತಿರ. ಸಿಲ್ವರ್ ನೈಟ್ರೇಟ್ ಆದರೆ ಈ ತೊಂದರೆ ಕಡಿಮೆ, ಅಲ್ಲಿ ಅಯಾನಿಗೆ ಒಂದೊಂದೇ ಚಾರ್ಜ್. 0.1 ಮತ್ತು 0.01ಕ್ಕೆ 59ರ ಬದಲು 54 ಬರುತ್ತದೆ. ಆದರೆ ಅದು ದುಬಾರಿ, ಮಕ್ಕಳ ಪ್ರಯೋಗಕ್ಕೆ ಸುಮ್ನೆ ಖರ್ಚು ಮಾಡಲಾಗುವುದಿಲ್ಲ.

ಮುಂದಿನ ಲ್ಯಾಬ್ ದಿನ ಅವಳನ್ನು ಕರೆದು ಕೆಂಪು ಶಾಯಿಯ ‘ತಪ್ಪು’ ಹೊಡೆದು ಹಾಕಿದೆ, ಪಕ್ಕದಲ್ಲಿ ‘ಸರಿ’ ಎಂದು ಬರೆದು ಸಹಿ ಮಾಡಿದೆ. ಇಡೀ ತರಗತಿಗೆ ಲೆಕ್ಕ ಬಿಡಿಸಿ ತೋರಿಸಿದೆ. 59 ಎಂದು ಬರೆದವರನ್ನು ಬೈಯಲಿಲ್ಲ. 59 ಬರೆದರೆ ಪೂರ್ತಿ ಅಂಕ ಕೊಡುತ್ತಿದ್ದವನು ನಾನೇ. ಈಗ ಸೊನ್ನೆಯ ಓದು, ಪಟ್ಟಿ ಬದಲಿಸಿದ ಎರಡು ಓದು, ಮೂರು ಜೋಡಿ ದ್ರಾವಣದ ಓದು ಇದ್ದರೆ ಮಾತ್ರ ಸಹಿ ಹಾಕುತ್ತೇನೆ. ಅವಳು ಆ ದಿನವೇ 0.01ರ ದ್ರಾವಣ ಮಾಡಿದಳು. ಮೊದಲ ಜೋಡಿಗೆ 23 ಬಂತು, ಎರಡನೆಯದಕ್ಕೆ 16.