ಅಜ್ಜಿಯ ಡಿಸ್ಚಾರ್ಜ್ ಚೀಟಿಯಲ್ಲಿ ತಿದ್ದಿದ್ದು

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಜ್ಜಿಯ ಡಿಸ್ಚಾರ್ಜ್ ಸಮ್ಮರಿ ಪ್ರಿಂಟಾಗಿ ವಾರ್ಡಿನ ನರ್ಸುಗಳಾದ ನಮ್ಮ ಕೈಗೆ ಬಂತು. ವಯಸ್ಸು 68, ಹಾಸನದ ಕಡೆಯ ಹಳ್ಳಿ. ಬೀಡಿ ಮುಟ್ಟಿದವರಲ್ಲ, ಆದರೆ ನಲವತ್ತು ವರ್ಷ ಸೌದೆ ಒಲೆ ಊದಿದವರು. ಆ ಹೊಗೆಗೇ ಶ್ವಾಸನಾಳಗಳು ಕಿರಿದಾಗಿ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬಂದಿತ್ತು. ನೆಗಡಿಯಿಂದ ಶುರುವಾದ ಕೆಮ್ಮು ಬಲಿತು, ಕಫ ಹಳದಿಗೆ ತಿರುಗಿ, ಭಾನುವಾರ ರಾತ್ರಿ ಒಂದು ಮಾತನ್ನೂ ಪೂರ್ತಿ ಆಡಲಾಗದಷ್ಟು ದಮ್ಮು ಕಟ್ಟಿದಾಗ ಕರೆತಂದಿದ್ದರು.

ಚೀಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆಯ ಸಾಲು: ದಿನಕ್ಕೆ 40 ಮಿಲಿಗ್ರಾಂ, 5 ದಿನ. ಡೋಸ್ ಸರಿ, ದಿನದ ಲೆಕ್ಕ ತಪ್ಪು. ಸೋಮವಾರ, ಮಂಗಳವಾರ, ಬುಧವಾರದ ಡೋಸು ವಾರ್ಡಿನಲ್ಲೇ ಆಗಿತ್ತು. ಬರೆದಂತೆಯೇ ಕೊಟ್ಟಿದ್ದರೆ ಒಟ್ಟು 8 ದಿನವಾಗುತ್ತಿತ್ತು. ಸಿಒಪಿಡಿ ಕೆರಳಿದಾಗ ಸಾಮಾನ್ಯವಾಗಿ 5 ದಿನದ ಸ್ಟೆರಾಯ್ಡ್ ಸಾಕು; ಅದರಾಚೆ ಉಪಯೋಗ ಹೆಚ್ಚುವುದಿಲ್ಲ, ಸಕ್ಕರೆ ಹೆಚ್ಚುತ್ತದೆ. ಅಜ್ಜಿಗೆ ಮೊದಲೇ ಸಕ್ಕರೆ ಕಾಯಿಲೆ. ಡ್ಯೂಟಿ ಡಾಕ್ಟರಿಗೆ ತೋರಿಸಿದಾಗ ಅವರು ಆ ಸಾಲು ಹೊಡೆದು ಹೀಗೆ ಬರೆದರು: "ಗುರುವಾರ ಬೆಳಿಗ್ಗೆ ತಿಂಡಿ ಆದ ಮೇಲೆ 20ರ ಮಾತ್ರೆ 2. ಶುಕ್ರವಾರ ಬೆಳಿಗ್ಗೆ 2. ಆಮೇಲೆ ಬೇಡ." ಔಷಧಿ ಅಂಗಡಿಯಿಂದ ಬರಬೇಕಾದದ್ದು ಬರೀ 4 ಮಾತ್ರೆ. ಮನೆಗೆ ಹೋಗುವ ಚೀಟಿಯಲ್ಲಿ "5 ದಿನ" ಎನ್ನುವುದಕ್ಕಿಂತ ವಾರದ ಹೆಸರು ಬರೆಯುವುದು ಎಷ್ಟೋ ಮೇಲು. ಬೆಳಿಗ್ಗೆ ನುಂಗಿದ ಈ ಮಾತ್ರೆಗೆ ಸಕ್ಕರೆ ಏರುವುದು ಹೆಚ್ಚಾಗಿ ಮಧ್ಯಾಹ್ನದಿಂದ ಸಂಜೆಯ ತನಕ. ಬರೀ ಹೊಟ್ಟೆಯಲ್ಲಿ ನೋಡಿದರೆ ಗೊತ್ತೇ ಆಗದು, ಹಾಗಾಗಿ ಈ ಎರಡು ದಿನ ಸಂಜೆ ಊಟಕ್ಕೆ ಮುಂಚೆಯೂ ನೋಡಿ ಎಂದು ಮಗನಿಗೆ ಹೇಳಿದ್ದಾಯಿತು.

ಇನ್ನು ಮನೆಯಿಂದ ತರಿಸಿದ ಔಷಧಿ ಚೀಲ. ಅದರಲ್ಲಿ ಉಸಿರಿನ ಮೂಲಕ ಎಳೆದುಕೊಳ್ಳುವ ಪುಡಿಯ ಕ್ಯಾಪ್ಸೂಲಿನ ಡಬ್ಬಿ ಖಾಲಿಯಾಗಿತ್ತು. ಅದನ್ನು ಹಾಕಿ ಎಳೆಯುವ ಸಾಧನ ಮಾತ್ರ ಹೊಚ್ಚ ಹೊಸದು, ಒಳಗೆ ಪುಡಿಯ ಒಂದು ಕಣವೂ ಇಲ್ಲ.

"ಅಜ್ಜಿ, ಈ ಕ್ಯಾಪ್ಸೂಲ್ ಹೆಂಗೆ ತಗೊಳ್ತಿದ್ರಿ?"

"ನೀರ್ ಕುಡ್ಕೊಂಡು ನುಂಗ್ತಿದ್ದೆ ಕಣವ್ವ. ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದಿನಾನೂ ಬಿಟ್ಟಿಲ್ಲ."

ಹೊಟ್ಟೆಗೆ ಹೋದ ಪುಡಿ ಶ್ವಾಸಕೋಶಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಎರಡು ತಿಂಗಳು ಒಂದು ಹೊತ್ತೂ ತಪ್ಪಿಸದೆ ಔಷಧಿ ತೆಗೆದುಕೊಂಡೂ ಅವರಿಗೆ ಔಷಧಿ ಸಿಕ್ಕಿರಲಿಲ್ಲ. ತಪ್ಪು ಅಜ್ಜಿಯದಲ್ಲ. ಕ್ಯಾಪ್ಸೂಲ್ ಕಂಡರೆ ಯಾರಾದರೂ ನುಂಗುತ್ತಾರೆ, ಕೊಟ್ಟವರು ಮಾಡಿ ತೋರಿಸಬೇಕಿತ್ತು.

ಪುಡಿ ಎಳೆಯಲು ಜೋರಾದ ಉಸಿರು ಬೇಕು, ಅಜ್ಜಿಗೆ ಅದು ಆಗುತ್ತಿರಲಿಲ್ಲ. ಡಾಕ್ಟರು ಔಷಧಿ ಚಿಮ್ಮಿಸುವ ಪಂಪಿಗೂ, ಅದಕ್ಕೆ ಸಿಕ್ಕಿಸುವ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಗೂ ಬದಲಾಯಿಸಿದರು. ಪಂಪು ಚೆನ್ನಾಗಿ ಅಲ್ಲಾಡಿಸಿ ಸ್ಪೇಸರಿಗೆ ಸಿಕ್ಕಿಸಬೇಕು, ಒಮ್ಮೆ ಒತ್ತಬೇಕು, ತುಟಿ ಬಿಗಿಹಿಡಿದು ನಿಧಾನವಾಗಿ ಐದು ಸಲ ಉಸಿರಾಡಬೇಕು. ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ ಎರಡನೆಯದು. ಅಜ್ಜಿ ಮೊದಲ ಸಲ ಎರಡನ್ನೂ ಒಟ್ಟಿಗೆ ಒತ್ತಿಬಿಟ್ಟರು. ಹಾಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗಿ ಗೋಡೆಗೇ ಅಂಟುತ್ತವೆ, ಎದೆಗೆ ಇಳಿಯುವುದು ಕಡಿಮೆ. ಮೂರನೆಯ ಸಲಕ್ಕೆ ಸರಿಯಾಯಿತು. ಸ್ಪೇಸರನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ಅದ್ದಿ ತೆಗೆದು ತಾನಾಗಿ ಆರಲು ಬಿಡಬೇಕು. ಸೆರಗಿನಿಂದ ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುದಂಶ ಹುಟ್ಟಿ ಔಷಧಿಯನ್ನು ಎಳೆದಿಟ್ಟುಕೊಳ್ಳುತ್ತದೆ.

ಪಂಪು ಎರಡು, ಅಜ್ಜಿಗೆ ಓದು ಬಾರದು. ದಿನವೂ ಬೆಳಿಗ್ಗೆ ರಾತ್ರಿ ಎರಡೆರಡು ಸಲ ಒತ್ತುವ ಪಂಪಿಗೆ ಪ್ಲಾಸ್ಟರ್ ಅಂಟಿಸಿ ಸೂರ್ಯ ಚಂದ್ರ ಬರೆದೆವು. ಅದಾದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರಬಹುದು. ದಮ್ಮು ಹತ್ತಿದಾಗ ಮಾತ್ರ ಬೇಕಾದ ಸಾಲ್ಬುಟಮಾಲಿಗೆ ಏನೂ ಅಂಟಿಸಲಿಲ್ಲ.

ಅಷ್ಟರಲ್ಲಿ ಮಗ ಕೊರೊನಾ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರ್ ತೆಗೆದ. "ಸಿಸ್ಟರ್, 91 ತೋರಿಸ್ತಿದೆ. 94ಕ್ಕಿಂತ ಕಮ್ಮಿ ಇದ್ರೆ ಆಕ್ಸಿಜನ್ ಬೇಕಲ್ವಾ? ಬಾಡಿಗೆಗೆ ಮಿಷನ್ ಸಿಗುತ್ತಂತೆ."

ಆ 94 ಕೊರೊನಾದ ಲೆಕ್ಕ. ಸಿಒಪಿಡಿ ಕೆರಳಿದವರಿಗೆ ಆಕ್ಸಿಜನ್ ಕೊಡುವಾಗ ನಾವು ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಅದಕ್ಕಿಂತ ಮೇಲೇರಿಸಿದರೆ ಇಂಥವರಲ್ಲಿ ಕೆಲವರಿಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಆಗ ತಲೆನೋವು, ಮಂಪರು, ತಡೆಯಲಾಗದ ನಿದ್ದೆ. ಮೀಟರಿನಲ್ಲಿ 97 ಕಂಡು ಮನೆಯವರು ಅಮ್ಮ ಹಾಯಾಗಿ ಮಲಗಿದ್ದಾರೆ ಎಂದುಕೊಳ್ಳುತ್ತಾರೆ. ಅದಕ್ಕೇ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದೆವು: "ಮನೆಗೆ ಹೋಗುವಾಗ, ಆಕ್ಸಿಜನ್ ಇಲ್ಲದೆ, ಕುಳಿತಾಗ 91. ಮನೆಯಲ್ಲಿ ಆಕ್ಸಿಜನ್ ಬೇಡ." ಮುಂದೆ ಬೇಕಾಗಬಹುದು, ಆದರೆ ಅದನ್ನು ತೀರ್ಮಾನಿಸುವುದು ಕಾಯಿಲೆ ಪೂರ್ತಿ ತಣ್ಣಗಾದ ಮೇಲೆ ಮತ್ತೆ ಪರೀಕ್ಷಿಸಿ.

ಮತ್ತೆ ಕರೆದುಕೊಂಡು ಬರಬೇಕಾದದ್ದು ಯಾವಾಗ ಎಂಬುದನ್ನು ಮಗನ ಕೈಲೇ ಬರೆಸಿದೆವು. ಬೆರಳು ಬೆಚ್ಚಗಿರುವಾಗ ಎರಡು ಮೂರು ಸಲ ನೋಡಿದರೂ 88ಕ್ಕಿಂತ ಕೆಳಗಿದ್ದರೆ, ಸಾಲ್ಬುಟಮಾಲಿನ ಆರಾಮ ನಾಲ್ಕು ಗಂಟೆಯೂ ನಿಲ್ಲದಿದ್ದರೆ, ಕಫ ಮತ್ತೆ ಹಳದಿ ಹಸಿರಾಗಿ ಹೆಚ್ಚಾದರೆ ಅದೇ ದಿನ. ತುಟಿ ನೀಲಿಯಾದರೆ, ಮಾತು ತಡವರಿಸಿದರೆ, ಎಬ್ಬಿಸಿದರೂ ಏಳದಿದ್ದರೆ ಕಾಯದೆ 108.

ಒಲೆಯ ಮಾತು ಕೊನೆಗೆ ಬಂತು. ಗ್ಯಾಸ್ ಇದೆ, ಆದರೂ ಸ್ನಾನದ ನೀರು ಕಾಯುವುದು ಹಂಡೆಯಲ್ಲಿ, ಬೆಂಕಿ ಹಾಕುವುದು ಅಜ್ಜಿಯೇ. "ಇನ್ಮೇಲೆ ನಾನ್ ಹಾಕ್ತೀನಿ ಬಿಡಿ" ಅಂದ ಮಗ. ಆ ಹೊತ್ತಲ್ಲಿ ಅಜ್ಜಿ ಜಗಲಿಯಲ್ಲಿರಲಿ ಎಂದು ಅದನ್ನೂ ಬರೆದು, ಎರಡು ವಾರ ಬಿಟ್ಟು ಬರುವ ಬುಧವಾರದ ತಾರೀಖು ಹಾಕಿ, ಪಂಪು ಸ್ಪೇಸರ್ ಎರಡನ್ನೂ ಚೀಲದಲ್ಲಿ ತನ್ನಿ ಎಂದು ಕೆಳಗೆ ಗೆರೆ ಎಳೆದೆವು. ಖಾಲಿ ಡಬ್ಬಿಯನ್ನು ಅಜ್ಜಿಯೇ ಕಸದ ಬುಟ್ಟಿಗೆ ಹಾಕಿದರು.