ಕತ್ತಿ ಹಿಡಿದವನಿಗೆ ಹೇಳಿದ ಕಥೆ

17 ನವೆಂಬರ್ 2024, ಭಾನುವಾರ

ಬಿ.ಎ. ಓದುತ್ತಿರುವ ಅಣ್ಣನ ಮಗಳು ಬೆಳಿಗ್ಗೆ ಫೋನ್ ಮಾಡಿದ್ದಳು. ಅವಳಿಗೆ ಜನ್ನನ ‘ಯಶೋಧರ ಚರಿತೆ’ ಪಠ್ಯ. "ಅತ್ತೆ, ಆ ಮಾರಿದತ್ತನ ಭಾಗ ಬಿಟ್ಟು ಸೀದಾ ಉಜ್ಜಯಿನಿಯಿಂದ ಶುರು ಮಾಡಿದ್ರೆ ಆಗಲ್ವಾ? ಗೈಡಿನಲ್ಲಿ ಹಾಗೇ ಇದೆ. ಅಸಲಿ ಕಥೆ ಅಮೃತಮತಿದು ತಾನೇ?" ಎಂದು ಕೇಳಿದಳು. ಫೋನಿನಲ್ಲಿ ಎರಡು ಮಾತು ಹೇಳಿ ಇಟ್ಟೆ. ಆದರೆ ಆ ಪ್ರಶ್ನೆ ದಿನವಿಡೀ ತಲೆಯಲ್ಲೇ ಇತ್ತು. ಮಧ್ಯಾಹ್ನ ಪುಸ್ತಕ ತೆಗೆದು ಮೊದಲಿಂದ ಓದಿದೆ. ದೊಡ್ಡ ಕಾವ್ಯವೇನಲ್ಲ. ಅವತಾರ ಅನ್ನುವ ಹೆಸರಿನ ನಾಲ್ಕು ಅಧ್ಯಾಯ, ಮುನ್ನೂರು ಚಿಲ್ಲರೆ ಪದ್ಯ, ಬಹುಪಾಲು ಕಂದ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ ಇದನ್ನು 1209ರಲ್ಲಿ ಮುಗಿಸಿದ. ವಾದಿರಾಜನ ಸಂಸ್ಕೃತ ಕಾವ್ಯ ಅವನ ಎದುರಿಗಿತ್ತು.

ಹೊರಗಿನ ಕಥೆ ಇಷ್ಟೇ. ರಾಜಪುರದಲ್ಲಿ ಚಂಡಮಾರಿಯ ಜಾತ್ರೆ. ಬಲಿಗೆಂದು ಆಡು, ಕುರಿ, ಕೋಳಿ, ಕೋಣಗಳನ್ನು ತಂದು ಗುಡಿಯ ಸುತ್ತ ಕೂಡಿಹಾಕಿದ್ದಾರೆ. ಇವುಗಳ ಜೊತೆಗೆ ಒಂದು ಮನುಷ್ಯ ಜೋಡಿಯೂ ಬೇಕು. ಅದನ್ನು ರಾಜ ಮಾರಿದತ್ತನೇ ತನ್ನ ಕೈಯಾರೆ ಕಡಿಯಬೇಕು. ಊರು ಕಾಯುವ ತಳಾರ ಹೋಗಿ ಇಬ್ಬರನ್ನು ಹಿಡಿದು ತರುತ್ತಾನೆ. ಅಭಯರುಚಿ, ಅಭಯಮತಿ. ಅಣ್ಣ ತಂಗಿ, ಅವಳಿ ಮಕ್ಕಳು. ಸುದತ್ತ ಮುನಿಯ ಶಿಷ್ಯರು, ಭಿಕ್ಷೆಗೆಂದು ಊರೊಳಗೆ ಬಂದಿದ್ದವರು. ಸಾವು ಎದುರಿಗೇ ನಿಂತಿದ್ದರೂ ಇಬ್ಬರಿಗೂ ಅಂಜಿಕೆಯಿಲ್ಲ. ಅದನ್ನು ನೋಡಿ ರಾಜನ ಕೈ ತಡೆಯುತ್ತದೆ. ನೀವು ಯಾರು ಎಂದು ಕೇಳುತ್ತಾನೆ. ಹುಡುಗ ಹೇಳತೊಡಗುತ್ತಾನೆ. ಗೈಡು ಶುರುವಾಗುವ ಉಜ್ಜಯಿನಿ ಬರುವುದು ಆಮೇಲೆ, ಆ ಹುಡುಗನ ಬಾಯಲ್ಲಿ.

ಕಥೆ ಹೇಳಿ ಕತ್ತಿಯಿಂದ ಪಾರಾಗುವುದು ಅಂದರೆ ನಮಗೆ ಥಟ್ಟನೆ ಅರೇಬಿಯನ್ ನೈಟ್ಸ್ ನೆನಪಾಗುತ್ತದೆ. ಇಲ್ಲಿ ನಡೆಯುವುದೇ ಬೇರೆ. ಶಹರಜಾದೆ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಒಂದೊಂದೇ ರಾತ್ರಿ ಗಳಿಸಿಕೊಳ್ಳುತ್ತಾಳೆ. ರಾಜನ ಕುತೂಹಲವೇ ಅವಳ ಬಂಡವಾಳ. ಅಭಯರುಚಿ ಪ್ರಾಣ ಉಳಿಸಿಕೊಳ್ಳಲು ಹೇಳುತ್ತಿಲ್ಲ. ಈಗ ನೀನು ಮಾಡಹೊರಟ ಕೆಲಸವನ್ನು ನಾನು ಹಿಂದೊಂದು ಜನ್ಮದಲ್ಲಿ ಮಾಡಿ ನೋಡಿದ್ದೇನೆ, ಅದೂ ಹಿಟ್ಟಿನಲ್ಲಿ ಮಾಡಿದ ಕೋಳಿಯ ಮೇಲೆ, ಅದರಿಂದ ಏನಾಯಿತು ಕೇಳು ಅನ್ನುವ ಸಾಕ್ಷಿ ಅವನದು.

ಒಳಗಿನ ಕಥೆ ಗೊತ್ತಿರುವಂಥದ್ದೇ. ಉಜ್ಜಯಿನಿಯ ರಾಜ ಯಶೋಧರ, ಅವನ ರಾಣಿ ಅಮೃತಮತಿ. ಒಂದು ರಾತ್ರಿ ಆನೆ ಮಾವಟಿಗನೊಬ್ಬನ ಹಾಡು ಕೇಳಿ ರಾಣಿ ಮನಸೋಲುತ್ತಾಳೆ. ಅವನು ಕುರೂಪಿ. ಆದರೂ ರಾತ್ರಿ ಗಂಡ ಮಲಗಿದ ಮೇಲೆ ಅವನ ಹತ್ತಿರ ಹೋಗುತ್ತಾಳೆ. ಒಂದು ದಿನ ರಾಜ ಕತ್ತಿ ಹಿಡಿದು ಹಿಂದೆಯೇ ಹೋಗುತ್ತಾನೆ. ತಡವಾಯಿತೆಂದು ಮಾವಟಿಗ ಅವಳನ್ನು ಹೊಡೆಯುವುದನ್ನೂ, ಅವಳು ಅವನ ಕಾಲಿಗೆ ಬೀಳುವುದನ್ನೂ ಕಣ್ಣಾರೆ ನೋಡುತ್ತಾನೆ. ಕತ್ತಿ ಎತ್ತುತ್ತಾನೆ. ಆದರೆ ಶತ್ರುಗಳ ಮೇಲೆ ಬೀಸುವ ಕತ್ತಿಯನ್ನು ಇವರ ಮೇಲೆ ಬೀಸುವುದೇ ಅನಿಸಿ ಸುಮ್ಮನೆ ವಾಪಸ್ ಬರುತ್ತಾನೆ.

ಮರುದಿನ ತಾಯಿ ಚಂದ್ರಮತಿ ಮಗನ ಮುಖ ಬಾಡಿದ್ದು ನೋಡಿ ಏನಾಯಿತು ಎಂದು ವಿಚಾರಿಸುತ್ತಾಳೆ. ಹೆಂಡತಿಯ ವಿಷಯ ಹೇಗೆ ಹೇಳುವುದು? ರಾತ್ರಿ ಕೆಟ್ಟ ಕನಸು ಕಂಡೆ ಅನ್ನುತ್ತಾನೆ. ಇಡೀ ಕಾವ್ಯ ತಿರುಗುವುದು ಇಲ್ಲಿ ಅಂತ ನನಗೆ ಅನಿಸುತ್ತದೆ. ಯಾಕೆಂದರೆ ಈ ಕನಸೂ ಒಂದು ಕಥೆಯೇ. ಮಾರಿದತ್ತನಿಗೆ ಅಭಯರುಚಿ ಹೇಳುತ್ತಿರುವ ಕಥೆಯೊಳಗೆ ಯಶೋಧರ ತಾಯಿಗೆ ಹೇಳುವ ಸುಳ್ಳು ಕಥೆ. ಮೂರನೆಯ ಸುತ್ತು. ತಾಯಿ ಅದನ್ನು ನಂಬುತ್ತಾಳೆ. ಕೆಟ್ಟ ಕನಸಿಗೆ ದೇವಿಗೆ ಬಲಿ ಕೊಡುವುದೇ ಪರಿಹಾರ ಎನ್ನುತ್ತಾಳೆ. ಜೀವ ತೆಗೆಯುವುದಿಲ್ಲ ಎಂದು ಮಗ ಹಟ ಹಿಡಿಯುತ್ತಾನೆ. ಕೊನೆಗೆ ಇಬ್ಬರೂ ಒಪ್ಪುವಂತೆ ಹಿಟ್ಟಿನ ಕೋಳಿ ಆಗಲಿ ಎಂದು ತೀರ್ಮಾನವಾಗುತ್ತದೆ. ಆ ಹಿಟ್ಟಿನ ಬೊಂಬೆಯೊಳಗೆ ಒಂದು ಬೆಂತರ, ಅಂದರೆ ಭೂತ, ಬಂದು ಸೇರಿಕೊಂಡಿರುತ್ತದೆ. ರಾಜ ಕತ್ತಿಯಿಂದ ಹೊಡೆದ ಕೂಡಲೇ ಕೋಳಿ ಕೂಗುತ್ತದೆ.

ಈಗ ಹೊರಗಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡೂ ಕಡೆ ಒಬ್ಬ ರಾಜ, ಒಂದು ಕತ್ತಿ, ಒಬ್ಬ ದೇವಿ. ಎರಡೂ ಕಡೆ ಒಂದು ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರವಾಗಿ ಒಂದು ಕಥೆ ಬರುತ್ತದೆ. ಉಜ್ಜಯಿನಿಯಲ್ಲಿ ತಾಯಿ ಕೇಳಿದಾಗ ಮಗ ಸುಳ್ಳು ಕಥೆ ಹೇಳುತ್ತಾನೆ. ರಾತ್ರಿ ಕೆಳಗಿಳಿದಿದ್ದ ಕತ್ತಿ ಅದರಿಂದ ಮತ್ತೆ ಮೇಲೇಳುತ್ತದೆ. ರಾಜಪುರದಲ್ಲಿ ಮಾರಿದತ್ತ ಕೇಳಿದಾಗ ಅದೇ ಜೀವ, ಬೇರೆ ಮೈಯಲ್ಲಿ, ನಡೆದದ್ದನ್ನು ನಡೆದಂತೆ ಹೇಳುತ್ತದೆ. ಎತ್ತಿದ ಕತ್ತಿ ಕೆಳಗಿಳಿಯುತ್ತದೆ. ಮಾರಿದತ್ತನನ್ನು ಬಿಟ್ಟು ಉಜ್ಜಯಿನಿಯಿಂದ ಓದಿದರೆ ಆ ಕನಸಿನ ಸುಳ್ಳು ಬರೀ ಒಂದು ಸಣ್ಣ ನೆಪವಾಗಿ ಕಾಣುತ್ತದೆ. ಜೊತೆಗಿಟ್ಟು ಓದಿದರೆ, ಆವತ್ತು ತಾಯಿಗೆ ಹೇಳದೆ ಉಳಿಸಿಕೊಂಡ ಮಾತನ್ನು ಈ ಹುಡುಗ ಎಷ್ಟೋ ಜನ್ಮ ಕಳೆದ ಮೇಲೆ ಅಪರಿಚಿತ ರಾಜನೊಬ್ಬನಿಗೆ ಹೇಳುತ್ತಿದ್ದಾನೆ ಅನ್ನುವುದು ಗೊತ್ತಾಗುತ್ತದೆ. ತಾಯಿಯೂ ಅಲ್ಲೇ ಪಕ್ಕದಲ್ಲಿ ನಿಂತಿದ್ದಾಳೆ. ಅಭಯಮತಿಯೇ ಆ ಚಂದ್ರಮತಿ.

ನಡುವಿನ ಜನ್ಮಗಳ ಭಾಗವನ್ನು ಓದುಗರು ಸಾಮಾನ್ಯವಾಗಿ ಬೇಗ ಬೇಗ ದಾಟಿಬಿಡುತ್ತಾರೆ. ಅಮೃತಮತಿ ವಿಷವಿಟ್ಟು ಗಂಡನನ್ನೂ ಅತ್ತೆಯನ್ನೂ ಕೊಲ್ಲುತ್ತಾಳೆ. ಅಲ್ಲಿಂದ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟುತ್ತಾ ಸಾಯುತ್ತಾ ಹೋಗುತ್ತಾರೆ. ಮೊದಲು ಅವನು ನವಿಲು, ಅವಳು ನಾಯಿ. ಇಬ್ಬರೂ ಬಂದು ಸೇರುವುದು ಅವನದೇ ಅರಮನೆಗೆ. ಈಗ ಅಲ್ಲಿ ಅವನ ಮಗ ಯಶೋಮತಿ ರಾಜ. ನವಿಲು ಹಳೆಯದು ನೆನಪಾಗಿ ಅಮೃತಮತಿ ಮತ್ತು ಮಾವಟಿಗನ ಮೇಲೆ ಎರಗುತ್ತದೆ, ಪೆಟ್ಟು ತಿನ್ನುತ್ತದೆ, ಕೊನೆಗೆ ನಾಯಿಯ ಬಾಯಿಗೆ ಸಿಕ್ಕಿ ಸಾಯುತ್ತದೆ. ಮುಂದೊಂದು ಜನ್ಮದಲ್ಲಿ ಅವನು ಮೀನು. ಆ ಮೀನನ್ನು ಹಿಡಿದು ಶ್ರಾದ್ಧಕ್ಕೆ ಅಡಿಗೆ ಮಾಡುತ್ತಾರೆ. ಅದು ಯಾರ ಶ್ರಾದ್ಧ? ಯಶೋಧರನದೇ. ಅಪ್ಪನಿಗೆ ಮುಟ್ಟಲಿ ಎಂದು ಮಗ ಬಡಿಸುತ್ತಿರುವುದು ಅಪ್ಪನನ್ನೇ. ಆಮೇಲೆ ಆಡು, ಕೋಣ, ಕೋಳಿ.

ಬರೀ ಕರ್ಮದ ಪಟ್ಟಿ ಅಂದುಕೊಂಡು ಓದಿದರೆ ಇದು ದಣಿಸುತ್ತದೆ, ನಿಜ. ಆದರೆ ಈ ಕಥೆಯನ್ನು ಎಲ್ಲಿ ನಿಂತು ಹೇಳುತ್ತಿದ್ದಾರೆ ಅನ್ನುವುದನ್ನು ಮರೆಯಬಾರದು. ಬಲಿಗೆ ತಂದ ಪ್ರಾಣಿಗಳ ನಡುವೆ ನಿಂತು ಹೇಳುತ್ತಿದ್ದಾರೆ. ಹುಡುಗ ‘ನಾನು ಆಡಾಗಿದ್ದೆ’ ಅಂದಾಗ ಮಾರಿದತ್ತನ ಕಣ್ಣೆದುರಿಗೇ ಆಡುಗಳಿವೆ. ‘ನಾವು ಕೋಳಿಗಳಾಗಿದ್ದೆವು’ ಅಂದಾಗ ಕೋಳಿಗಳಿವೆ. ಮುಂದೆ ಕಡಿಯಬೇಕಾದದ್ದೆಲ್ಲ ಒಂದೊಂದಾಗಿ ಯಾರದೋ ಅಪ್ಪ, ಯಾರದೋ ತಾಯಿ ಆಗುತ್ತಾ ಬರುತ್ತದೆ. ಒಳಗಿನ ಕಥೆಗೆ ಯಾವ ಪ್ರಾಣಿ ಬೇಕು ಅನ್ನುವುದು ಹೊರಗಿನ ಗುಡಿಯ ಅಂಗಳದಲ್ಲೇ ನಿರ್ಧಾರವಾದ ಹಾಗಿದೆ. ಅಂಗಳವನ್ನು ತೆಗೆದುಹಾಕಿದರೆ ಉಳಿಯುವುದು ಪಟ್ಟಿ ಮಾತ್ರ. ಗೈಡಿನಲ್ಲಿ ಆಗಿರುವುದೂ ಅದೇ.

ಕೊನೆಯ ಪ್ರಾಣಿಜನ್ಮವಂತೂ ನನಗೆ ತುಂಬಾ ಇಷ್ಟ. ತಾಯಿ ಮಗ ಇಬ್ಬರೂ ಕೋಳಿಗಳು. ಮುನಿಯೊಬ್ಬರು ಧರ್ಮ ಹೇಳುವುದನ್ನು ಕೇಳಿ ಹಿಂದಿನದೆಲ್ಲ ನೆನಪಾಗುತ್ತದೆ. ಸಂತೋಷ ತಡೆಯಲಾಗದೆ ಕೂಗುತ್ತವೆ. ಅಲ್ಲೇ ಹತ್ತಿರ ರಾಣಿ ಕುಸುಮಾವಳಿಯ ಜೊತೆಗಿದ್ದ ಯಶೋಮತಿ, ಸದ್ದು ಕೇಳಿದ ಕಡೆಗೇ ಬಾಣ ಬಿಟ್ಟು ತನ್ನ ಜಾಣ್ಮೆ ತೋರಿಸುತ್ತಾನೆ. ಎರಡೂ ಸಾಯುತ್ತವೆ, ಅದೇ ಕುಸುಮಾವಳಿಯ ಹೊಟ್ಟೆಯಲ್ಲಿ ಅವಳಿಗಳಾಗುತ್ತವೆ. ಅಂದರೆ ಯಶೋಧರ ತನ್ನ ಮಗನಿಗೇ ಮಗ. ಹಿಟ್ಟಿನ ಕೋಳಿಯ ಕೂಗಿನಿಂದ ಹೊರಟ ಕಥೆ ನಿಜವಾದ ಕೋಳಿಗಳ ಕೂಗಿನಲ್ಲಿ ಮುಗಿದು, ಮಾತಾಡಬಲ್ಲ ಮಕ್ಕಳ ಕೈಗೆ ಬರುತ್ತದೆ. ಮೀನಾಗಿ, ಆಡಾಗಿ ಇರುವಾಗ ಹೇಳಿಕೊಳ್ಳಲು ಅವನಿಗೆ ಬಾಯೇ ಇರಲಿಲ್ಲ. ಬಾಯಿ ಬಂದ ಮೇಲೆ ಕೇಳುವ ಕಿವಿ ಬೇಕಲ್ಲ, ಅದು ಮಾರಿದತ್ತ. ಕೇಳಿ ಮುಗಿಸಿದ ಅವನು ಬಲಿ ನಿಲ್ಲಿಸುತ್ತಾನೆ, ರಾಜ್ಯ ಬಿಡುತ್ತಾನೆ.

ಇನ್ನು ಅಮೃತಮತಿ. ಹೊರಗಿನ ಕಥೆ ಅವಳ ಮೇಲೆ ಬಹಳ ಭಾರ ಹಾಕಿದೆ, ಅದನ್ನು ಒಪ್ಪಲೇಬೇಕು. ಚೌಕಟ್ಟಿಗೆ ಬೇಕಾದದ್ದು ಬಲಿ ಪಾಪ, ಸಂಕಲ್ಪ ಮಾಡಿದರೂ ಪಾಪ ಅನ್ನುವ ಸಾಕ್ಷಿ. ಅಷ್ಟಕ್ಕೆ ರಾಣಿ ಬರೀ ಒಂದು ಕಾರಣ. ಕಥೆ ಹೇಳುವವನು ಅವಳ ಗಂಡನಾಗಿದ್ದವನು. ಅವಳು ನರಕಕ್ಕೆ ಹೋದಳು ಎಂದು ಹೇಳಿ ಅವನು ಮುಂದೆ ಹೋಗುತ್ತಾನೆ. ಆದರೂ ಜನ್ನ ಒಂದು ಕಡೆ ಈ ಕಟ್ಟನ್ನು ಸಡಿಲ ಬಿಟ್ಟಿದ್ದಾನೆ. ಮಾವಟಿಗನನ್ನು ನೋಡಿ ಬಂದ ಗೆಳತಿ ಅವನ ರೂಪವನ್ನು ಹಳಿದಾಗ ರಾಣಿ ಉತ್ತರ ಕೊಡುತ್ತಾಳೆ. ಕಸ್ತೂರಿ ಕಪ್ಪು ಅಂತ, ಶ್ರೀಗಂಧ ಮುರುಟಾಗಿದೆ ಅಂತ, ಮನ್ಮಥನ ಬಿಲ್ಲು ಡೊಂಕು ಅಂತ ಯಾರಾದರೂ ಬೇಡ ಅಂತಾರಾ ಎಂದು ಕೇಳುತ್ತಾಳೆ. ಇದು ಹೆಂಗಸರಿಬ್ಬರು ಗುಟ್ಟಾಗಿ ಆಡಿದ ಮಾತು. ರಾಜ ಅಲ್ಲಿರಲಿಲ್ಲ. ಹಾಗಿದ್ದಮೇಲೆ ಅಭಯರುಚಿಗೆ ಹೇಗೆ ಗೊತ್ತಾಯಿತು? ಮುನಿಯ ದಿವ್ಯಜ್ಞಾನದಿಂದ ಅಂತ ಸಮಾಧಾನ ಹೇಳಬಹುದು. ನನಗೆ ಮಾತ್ರ ಇಲ್ಲಿ ಹುಡುಗನ ದನಿ ಕೇಳಿಸುವುದಿಲ್ಲ. ಜನ್ನನೇ ಚೌಕಟ್ಟನ್ನು ದಾಟಿ ರಾಣಿಯ ಕೋಣೆಯೊಳಗೆ ಹೋಗಿದ್ದಾನೆ. ಬಲಿಯ ವಿರುದ್ಧದ ವಾದಕ್ಕೆ ಈ ಮಾತು ಬೇಕಾಗಿಯೇ ಇಲ್ಲ. ಓದಿದವರಿಗೆ ಬಹುಕಾಲ ನೆನಪಿರುವುದು ಮಾತ್ರ ಇದೇ.

ಗಿರೀಶ ಕಾರ್ನಾಡರು ಇದೇ ಕಥೆಯ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಮಾರಿದತ್ತನನ್ನು ಪೂರ್ತಿ ಕೈಬಿಟ್ಟರು. ಅವಳಿಗಳಿಲ್ಲ, ಜನ್ಮಾಂತರದ ಸಾಲಿಲ್ಲ. ರಾಜ, ರಾಣಿ, ರಾಜಮಾತೆ, ಮಾವಟಿಗ, ಅಷ್ಟೇ. ಗೈಡೂ ಬಿಟ್ಟಿದೆ, ಕಾರ್ನಾಡರೂ ಬಿಟ್ಟಿದ್ದಾರೆ. ಎರಡೂ ಒಂದೇ ಅಲ್ಲ. ಗೈಡು ಸಾಕ್ಷಿಯನ್ನು ತೆಗೆದು ತೀರ್ಪನ್ನು ಹಾಗೇ ಉಳಿಸಿಕೊಂಡಿದೆ. ಅಮೃತಮತಿ ಕೆಟ್ಟವಳು, ಹಿಂಸೆ ಪಾಪ, ಐದು ಮಾರ್ಕ್ಸು. ಕಾರ್ನಾಡರು ಸಾಕ್ಷಿಯ ಜೊತೆಗೆ ತೀರ್ಪನ್ನೂ ತೆಗೆದರು. ಗಂಡನೊಬ್ಬನೇ ಹೇಳುತ್ತಿದ್ದ ಕಥೆ ಹೋಗಿ ನಾಲ್ಕು ಜನ ಒಬ್ಬರಿಗೊಬ್ಬರು ಎದುರುಬದುರಾದರು. ರಾಣಿ ತನ್ನ ಮಾತನ್ನು ತಾನೇ ಆಡುವಂತಾಯಿತು.

ಜನ್ನನಲ್ಲಿ ಯಶೋಧರನಿಗೆ, ಚಂದ್ರಮತಿಗೆ, ಯಶೋಮತಿಗೆ, ಮಾರಿದತ್ತನಿಗೆ, ಎಲ್ಲರಿಗೂ ಒಂದಲ್ಲ ಒಂದು ಹೊತ್ತಿನಲ್ಲಿ ಯಾರೋ ಕೂತು ಹಿಂದಿನದನ್ನು ತಿಳಿಸಿ ಹೇಳುತ್ತಾರೆ. ಕೇಳಿದವರೆಲ್ಲ ಬದಲಾಗುತ್ತಾರೆ. ಅಮೃತಮತಿಗೆ ಯಾರೂ ಹೇಳುವುದಿಲ್ಲ. ಅವಳನ್ನು ಯಾರೂ ಕೇಳುವುದೂ ಇಲ್ಲ. ಇದನ್ನು ಅಣ್ಣನ ಮಗಳಿಗೆ ಹೇಳಬೇಕು. ಮಾರಿದತ್ತನ ಭಾಗ ಓದದೆ ಹೋದರೆ ಅವಳಿಗೆ ಇಷ್ಟವಾದ ಅಮೃತಮತಿಗೆ ಆಗಿರುವ ಈ ಅನ್ಯಾಯವೂ ಕಾಣುವುದಿಲ್ಲ.